ಕೇಂದ್ರ ಬ್ಯಾಂಕು ಬಾಂಡುಗಳನ್ನು ಕೊಂಡರೆ ಕರೆನ್ಸಿ ಏಕೆ ಇಳಿಯುತ್ತದೆ? ಜಪಾನಿನ ಯೆನ್ ಕುರಿತು ಒಂದು ಚರ್ಚೆ

ತುಂಗಾತೀರ

ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕ್ವಾಂಟಿಟೇಟಿವ್ ಈಸಿಂಗ್ ಕುರಿತ ಪಾಠದಲ್ಲಿ ಪ್ರತಿ ವರ್ಷವೂ ಒಂದೇ ಕಡೆ ವಿದ್ಯಾರ್ಥಿಗಳು ನನ್ನನ್ನು ತಡೆಯುತ್ತಾರೆ. ಕೇಂದ್ರ ಬ್ಯಾಂಕು ಹೊಸ ಹಣ ಸೃಷ್ಟಿಸಿ ಸರ್ಕಾರಿ ಬಾಂಡುಗಳನ್ನು ಕೊಳ್ಳುತ್ತದೆ, ಹಣ ಹೆಚ್ಚಾಗುತ್ತದೆ, ಆದ್ದರಿಂದ ಕರೆನ್ಸಿಯ ಬೆಲೆ ಇಳಿಯುತ್ತದೆ ಎಂಬ ವಿವರಣೆ ಪಠ್ಯದಲ್ಲಿದೆ. ಆದರೆ ಜಪಾನಿನ ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಈ ವಿವರಣೆ ಎರಡು ಕಡೆ ನಿಲ್ಲುವುದಿಲ್ಲ.

2012ರ ನವೆಂಬರ್ ನಡುವಿನಲ್ಲಿ ಒಂದು ಡಾಲರಿಗೆ ಸುಮಾರು 80 ಯೆನ್ ಇತ್ತು. ಆಗಿನ ಪ್ರಧಾನಿ ನೋಡಾ ಸಂಸತ್ತನ್ನು ವಿಸರ್ಜಿಸುವುದಾಗಿ ಹೇಳಿದ ದಿನಗಳಿಂದಲೇ ಯೆನ್ ಇಳಿಯತೊಡಗಿತು. ಬ್ಯಾಂಕ್ ಆಫ್ ಜಪಾನ್ ತನ್ನ ದೊಡ್ಡ ಖರೀದಿ ಯೋಜನೆಯನ್ನು ಘೋಷಿಸಿದ್ದು 2013ರ ಏಪ್ರಿಲ್ 4ರಂದು, ಅಷ್ಟರಲ್ಲಾಗಲೇ ದರ 93ರ ಆಸುಪಾಸಿಗೆ ಬಂದಿತ್ತು. ಅಂದರೆ ಆ ಯೋಜನೆಯಡಿ ಒಂದು ಬಾಂಡನ್ನೂ ಕೊಳ್ಳುವ ಮೊದಲೇ ಇಷ್ಟು ಇಳಿಕೆ ಆಗಿಹೋಗಿತ್ತು. ಇನ್ನೊಂದು ತುದಿಯಲ್ಲಿ 2016ನ್ನು ನೋಡಿ. ವರ್ಷಕ್ಕೆ 80 ಲಕ್ಷ ಕೋಟಿ ಯೆನ್ ಲೆಕ್ಕದಲ್ಲಿ ಖರೀದಿ ನಿಲ್ಲದೆ ನಡೆದಿದ್ದರೂ, 2015ರ ಜೂನಿನಲ್ಲಿ 125 ದಾಟಿದ್ದ ದರ 2016ರ ಆಗಸ್ಟ್ ಹೊತ್ತಿಗೆ 100ಕ್ಕೆ ಮರಳಿತು. ದೊಡ್ಡ ಖರೀದಿ ಶುರುವಾಗುವ ಮೊದಲೇ ಯೆನ್ ಇಳಿದದ್ದು, ಖರೀದಿ ಭರದಿಂದ ನಡೆಯುವಾಗ ಏರಿದ್ದು, ಇವೆರಡನ್ನೂ ಒಂದೇ ತರ್ಕದಲ್ಲಿ ಹಿಡಿಯಲು ಸಾಧ್ಯವೇ? ಹಂತ ಹಂತವಾಗಿ ತಿಳಿಸಿಕೊಡಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಸಂತೆಪೇಟೆ

ತುಂಗಾತೀರ ಅವರೇ, ನೀವು ಇದನ್ನು ಅಗತ್ಯಕ್ಕಿಂತ ಹೆಚ್ಚು ಜಟಿಲ ಮಾಡಿಕೊಂಡಿದ್ದೀರಿ ಎಂದು ನನಗನ್ನಿಸುತ್ತದೆ. ಕೋಲಾರದ ಮಂಡಿಗೆ ಟೊಮೆಟೊ ಹೆಚ್ಚು ಬಂದ ದಿನ ಬೆಲೆ ಇಳಿಯುತ್ತದೆ, ನಾಳೆ ಹೆಚ್ಚು ಬರಲಿದೆ ಎಂಬ ಸುದ್ದಿ ಹರಡಿದರೆ ಇವತ್ತೇ ಇಳಿಯುತ್ತದೆ. ಯೆನ್ ಕೂಡ ಹಾಗೆಯೇ. ಶಿಂಜೊ ಅಬೆಯವರು ಚುನಾವಣೆಗೆ ಮುಂಚೆಯೇ ಮಿತಿಯಿಲ್ಲದ ಹಣಕಾಸು ಸಡಿಲಿಕೆ ಬೇಕೆಂದು ಬಹಿರಂಗವಾಗಿ ಹೇಳುತ್ತಿದ್ದರು, ಅವರೇ ಗೆಲ್ಲುತ್ತಾರೆಂಬುದೂ ಎಲ್ಲರಿಗೂ ಕಾಣುತ್ತಿತ್ತು. ಮುಂದೆ ಯೆನ್ ಹೇರಳವಾಗಿ ಬರಲಿದೆ ಎಂದು ಮಾರುಕಟ್ಟೆ ಮೊದಲೇ ಲೆಕ್ಕ ಹಾಕಿತು. 2016ರಲ್ಲಿ ಬ್ರೆಕ್ಸಿಟ್ ಮುಂತಾದ ಹೊರಗಿನ ಕಾರಣಗಳಿದ್ದವು. ಪೂರೈಕೆಯ ತತ್ವ ಸುಳ್ಳಾಗಿಲ್ಲ.

ಖಾತೆಪುಸ್ತಕ

ಮುಂಬೈಯ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಸಂತೆಪೇಟೆ ಅವರು ಹೇಳಿದ್ದರಲ್ಲಿ ಮುಂದಿನದ್ದನ್ನು ಇಂದೇ ಎಣಿಸುವ ಮಾತು ಸರಿಯಾಗಿದೆ. ಆದರೆ ಯಾವುದನ್ನು ಎಣಿಸುತ್ತಾರೆ ಎಂಬಲ್ಲಿ ನನ್ನ ತಕರಾರಿದೆ.

ಬ್ಯಾಂಕ್ ಆಫ್ ಜಪಾನ್ ಒಂದು ವಾಣಿಜ್ಯ ಬ್ಯಾಂಕಿನಿಂದ ನೂರು ಕೋಟಿ ಯೆನ್ ಬೆಲೆಯ ಬಾಂಡ್ ಕೊಂಡಿತು ಎನ್ನೋಣ. ಆ ವಾಣಿಜ್ಯ ಬ್ಯಾಂಕಿನ ಆಸ್ತಿಪಟ್ಟಿಯಿಂದ ಬಾಂಡ್ ಹೋಗುತ್ತದೆ, ಅದರ ಜಾಗದಲ್ಲಿ ಬ್ಯಾಂಕ್ ಆಫ್ ಜಪಾನಿನಲ್ಲಿರುವ ಅದರ ಚಾಲ್ತಿ ಖಾತೆಗೆ ನೂರು ಕೋಟಿ ಜಮೆಯಾಗುತ್ತದೆ. ಆ ಜಮೆ ಯಾರ ಜೇಬಿಗೂ ನೋಟಾಗಿ ಹೋಗುವುದಿಲ್ಲ, ಅದನ್ನು ಯಾರೂ ಹಾಗೆಯೇ ಹೊತ್ತುಕೊಂಡು ಹೋಗಿ ಡಾಲರ್ ಮಾರುಕಟ್ಟೆಯಲ್ಲಿ ಸುರಿಯಲೂ ಆಗುವುದಿಲ್ಲ. ಒಂದು ಬ್ಯಾಂಕು ಅದನ್ನು ಕೊಟ್ಟು ಡಾಲರ್ ಕೊಂಡರೂ ಡಾಲರ್ ಮಾರಿದ ಬ್ಯಾಂಕಿನ ಖಾತೆಗೆ ಅದು ಸೇರುತ್ತದೆಯೇ ಹೊರತು ಒಟ್ಟು ಮೊತ್ತ ಕೇಂದ್ರ ಬ್ಯಾಂಕಿನ ಪುಸ್ತಕದೊಳಗೇ ಉಳಿಯುತ್ತದೆ. ಆದ್ದರಿಂದಲೇ ನೋಟುಗಳೂ ಈ ಚಾಲ್ತಿ ಖಾತೆಗಳ ಮೊತ್ತವೂ ಸೇರಿದ ಜಪಾನಿನ ಮೂಲಹಣ ಎರಡೇ ವರ್ಷಗಳಲ್ಲಿ ಸರಿಸುಮಾರು ಇಮ್ಮಡಿಯಾದರೂ, ಜನರ ಮತ್ತು ಕಂಪನಿಗಳ ಠೇವಣಿಗಳನ್ನು ಒಳಗೊಂಡ ಹಣದ ಮೊತ್ತ ವರ್ಷಕ್ಕೆ ಶೇಕಡಾ 3ರಿಂದ 4ರ ಆಸುಪಾಸಿನಲ್ಲಷ್ಟೇ ಬೆಳೆಯಿತು.

ಬರೀ ಮೊತ್ತವೇ ಕರೆನ್ಸಿಯನ್ನು ಇಳಿಸುವುದಾದರೆ ಜಪಾನಿನ ಮೊದಲ ಪ್ರಯೋಗದಲ್ಲೇ ಅದು ಕಾಣಬೇಕಿತ್ತು. 2001ರ ಮಾರ್ಚಿನಲ್ಲಿ ಬ್ಯಾಂಕುಗಳ ಚಾಲ್ತಿ ಖಾತೆಗಳ ಒಟ್ಟು ಮೊತ್ತಕ್ಕೆ 5 ಲಕ್ಷ ಕೋಟಿ ಯೆನ್ ಗುರಿ ಇಟ್ಟು ಆರಂಭಿಸಿ, 2004ರ ಜನವರಿಯ ಹೊತ್ತಿಗೆ ಅದನ್ನು 30ರಿಂದ 35 ಲಕ್ಷ ಕೋಟಿಗೆ ಏರಿಸಿದರು. ಆರೇಳು ಪಟ್ಟು ಹೆಚ್ಚಳ. ಆದರೆ 2002ರ ಆರಂಭದಲ್ಲಿ 135ರ ಹತ್ತಿರ ಹೋಗಿದ್ದ ದರ 2004ರ ಜನವರಿಯಲ್ಲಿ 106ಕ್ಕೆ ಬಂದಿತ್ತು, ಅಂದರೆ ಯೆನ್ ಬಲಗೊಂಡಿತ್ತು. ಅದೂ ಹಣಕಾಸು ಸಚಿವಾಲಯ 2003ರ ಆರಂಭದಿಂದ 2004ರ ಮಾರ್ಚ್‌ವರೆಗೆ ಸುಮಾರು 35 ಲಕ್ಷ ಕೋಟಿ ಯೆನ್ ಮಾರಿ ಡಾಲರ್ ಕೊಳ್ಳುತ್ತಿದ್ದ ಕಾಲದಲ್ಲಿ.

ಆ ಸಲಕ್ಕೂ 2013ಕ್ಕೂ ಇರುವ ಮುಖ್ಯ ವ್ಯತ್ಯಾಸ ಕೊಂಡದ್ದು ಏನನ್ನು ಎಂಬುದರಲ್ಲಿದೆ. ಮೊದಲ ಸಲ ಬಹುಪಾಲು ಅಲ್ಪಾವಧಿಯ ಪತ್ರಗಳ ಮೂಲಕವೇ ಹಣ ಒಳಬಿಟ್ಟರು. ಬಡ್ಡಿ ಸೊನ್ನೆಯಲ್ಲಿರುವಾಗ ಮೂರು ತಿಂಗಳ ಸರ್ಕಾರಿ ಪತ್ರಕ್ಕೂ ಕೇಂದ್ರ ಬ್ಯಾಂಕಿನ ಠೇವಣಿಗೂ ಹೂಡಿಕೆದಾರನ ದೃಷ್ಟಿಯಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆದವನಿಗೆ ತನ್ನ ಹೂಡಿಕೆಯನ್ನು ಬದಲಿಸುವ ಕಾರಣ ಹುಟ್ಟುವುದಿಲ್ಲ. 2013ರಲ್ಲಿ ಬ್ಯಾಂಕಿನ ಹೊಸ ಗವರ್ನರ್ ಹರುಹಿಕೊ ಕುರೋಡಾ ಅವರು ಖರೀದಿಸುವ ಬಾಂಡುಗಳ ಸರಾಸರಿ ಅವಧಿಯನ್ನು ಮೂರು ವರ್ಷಕ್ಕಿಂತ ಕಡಿಮೆ ಇದ್ದದ್ದರಿಂದ ಸುಮಾರು ಏಳು ವರ್ಷಕ್ಕೆ ಏರಿಸಿದರು. ಹತ್ತು ವರ್ಷದ ಬಾಂಡನ್ನು ಕೈಬಿಟ್ಟವನ ಸ್ಥಿತಿ ಬೇರೆ. ಅವನಿಗೆ ಬರುತ್ತಿದ್ದ ಇಳುವರಿ ಹೋಗುತ್ತದೆ, ಅದಕ್ಕೆ ಬದಲಿಯಾಗಿ ಏನನ್ನಾದರೂ ಹುಡುಕಲೇಬೇಕು, ಹುಡುಕುವವರೆಲ್ಲ ಸೇರಿ ದೀರ್ಘಾವಧಿಯ ಇಳುವರಿಯನ್ನು ಕೆಳಕ್ಕೆ ಒತ್ತುತ್ತಾರೆ. ಕರೆನ್ಸಿಗೆ ದಾರಿ ತೆರೆಯುವುದು ಅಲ್ಲಿಂದ.

ಪೀಣ್ಯ ಎರಡನೇ ಹಂತ

ನಮಸ್ಕಾರ. ನಮ್ಮದು ಸಣ್ಣ ಕಾರ್ಖಾನೆ. ಯಂತ್ರಗಳ ಬಿಡಿಭಾಗಗಳನ್ನು ಜಪಾನಿನಿಂದ ತರಿಸುತ್ತೇವೆ, ಬಿಲ್ಲು ಯೆನ್‌ನಲ್ಲೇ ಬರುತ್ತದೆ. 2012ರಲ್ಲಿ ಮಾಡಿದ ಆರ್ಡರಿಗೂ 2015ರಲ್ಲಿ ಮಾಡಿದ ಆರ್ಡರಿಗೂ ಯೆನ್ ಲೆಕ್ಕದಲ್ಲಿ ಬೆಲೆ ಹೆಚ್ಚುಕಡಿಮೆ ಒಂದೇ ಆಗಿತ್ತು, ರೂಪಾಯಿಯಲ್ಲಿ ಮಾತ್ರ ಕಾಲು ಭಾಗದಷ್ಟು ಅಗ್ಗವಾಗಿತ್ತು. ನನ್ನ ಪ್ರಶ್ನೆ ಏನೆಂದರೆ, ಅವರ ಕೇಂದ್ರ ಬ್ಯಾಂಕು ಯೆನ್ ಮಾರಿ ಡಾಲರ್ ಕೊಳ್ಳುವುದನ್ನು ಯಾವಾಗ ಶುರು ಮಾಡುತ್ತದೆ, ಯಾವಾಗ ನಿಲ್ಲಿಸುತ್ತದೆ ಎಂಬುದು ಮೊದಲೇ ತಿಳಿಯುತ್ತದೆಯೇ? ತಿಳಿಯುವುದಾದರೆ ಆರು ತಿಂಗಳ ಬಿಲ್ಲಿಗೆ ಮುಂದಿನ ದರವನ್ನು ಇಂದೇ ಖಚಿತಪಡಿಸಿಕೊಳ್ಳುವ ಫಾರ್ವರ್ಡ್ ಅನ್ನು ಬ್ಯಾಂಕಿನಲ್ಲಿ ಬುಕ್ ಮಾಡಬೇಕೇ ಬೇಡವೇ ಎಂದು ನಿರ್ಧರಿಸಬಹುದು.

ಖಾತೆಪುಸ್ತಕ

ಸರ್, ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತಿವೆ. ಯೆನ್ ಮಾರಿ ಡಾಲರ್ ಕೊಳ್ಳುವುದು ವಿನಿಮಯ ಮಾರುಕಟ್ಟೆಯಲ್ಲಿನ ಮಧ್ಯಪ್ರವೇಶ. ಜಪಾನಿನಲ್ಲಿ ಅದರ ನಿರ್ಧಾರ ಹಣಕಾಸು ಸಚಿವಾಲಯದ್ದು, ಕೇಂದ್ರ ಬ್ಯಾಂಕು ಅವರ ಪರವಾಗಿ ವ್ಯವಹಾರ ನಡೆಸಿಕೊಡುತ್ತದೆ ಅಷ್ಟೆ. 2011ರ ಕೊನೆಯ ಭಾಗದಲ್ಲಿ ಅಂಥ ಮಾರಾಟ ನಡೆದ ಮೇಲೆ 2022ರ ಸೆಪ್ಟೆಂಬರ್‌ವರೆಗೆ ಅವರು ಮಾರುಕಟ್ಟೆಗೆ ಇಳಿಯಲೇ ಇಲ್ಲ, 2022ರಲ್ಲಿ ಇಳಿದದ್ದೂ ಯೆನ್ ಕೊಳ್ಳುವುದಕ್ಕೆ. ನಾವು ಮಾತಾಡುತ್ತಿರುವ 2013ರಿಂದ 2015ರ ಅವಧಿಯಲ್ಲಿ ಜಪಾನ್ ಸರ್ಕಾರ ಒಂದು ಡಾಲರನ್ನೂ ಮಧ್ಯಪ್ರವೇಶಕ್ಕಾಗಿ ಕೊಂಡಿಲ್ಲ. 2013ರ ಫೆಬ್ರವರಿಯಲ್ಲಿ ಜಿ-7 ದೇಶಗಳು ಹೊರಡಿಸಿದ ಹೇಳಿಕೆ ಈ ಗೆರೆಯನ್ನೇ ಎಳೆದಿತ್ತು: ದೇಶದೊಳಗಿನ ಗುರಿಗಾಗಿ ದೇಶದೊಳಗಿನ ಸಾಧನ ಬಳಸಬಹುದು, ವಿನಿಮಯ ದರವನ್ನೇ ಗುರಿಯಾಗಿಸಬಾರದು. ಬಾಂಡ್ ಖರೀದಿ ಪೂರ್ತಿ ಯೆನ್‌ನೊಳಗಿನ ವ್ಯವಹಾರ. ಆದರೂ ಕರೆನ್ಸಿ ಇಳಿಯಿತು ಎಂಬುದೇ ಈ ಚರ್ಚೆಯ ಪ್ರಶ್ನೆ.

ಫಾರ್ವರ್ಡ್ ಬುಕ್ ಮಾಡುವ ನಿರ್ಧಾರವನ್ನು ದರದ ಊಹೆಯ ಮೇಲೆ ಕಟ್ಟಬೇಡಿ. ದರ ಶೇಕಡಾ 10 ನಿಮ್ಮ ವಿರುದ್ಧ ತಿರುಗಿದರೆ ಆ ಆರ್ಡರಿನ ಲಾಭ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ. ಉಳಿಯದಿದ್ದರೆ ಬುಕ್ ಮಾಡುವುದೇ ಕ್ಷೇಮ.

ಸುಮಿದಾ ದಂಡೆ

ನಾನು ಧಾರವಾಡದವಳು, 2011ರಿಂದ ಟೋಕಿಯೊದಲ್ಲಿದ್ದೇನೆ. ಜೀವ ವಿಮಾ ಕಂಪನಿಗಳ ಹೂಡಿಕೆ ಲೆಕ್ಕಗಳಿಗೆ ತಂತ್ರಾಂಶ ಒದಗಿಸುವ ಕೆಲಸ ನನ್ನದು. ಖಾತೆಪುಸ್ತಕ ಅವರು ಹೇಳಿದ ‘ಬದಲಿಯಾಗಿ ಏನನ್ನಾದರೂ ಹುಡುಕಬೇಕು’ ಎಂಬ ಹಂತವನ್ನು ಹತ್ತಿರದಿಂದ ನೋಡಿದ್ದೇನೆ, ಅಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ತಿರುವು ಇದೆ.

ವಿಮಾ ಕಂಪನಿ ಜಪಾನ್ ಸರ್ಕಾರದ ಬಾಂಡನ್ನು ಮಾರಿ ಅಮೆರಿಕದ ಹತ್ತು ವರ್ಷದ ಬಾಂಡನ್ನು ಕೊಂಡಿತು ಎಂದುಕೊಳ್ಳೋಣ. ಅದಕ್ಕಾಗಿ ಅದು ಇಂದು ಯೆನ್ ಕೊಟ್ಟು ಡಾಲರ್ ಪಡೆಯಬೇಕು. ಇಷ್ಟೇ ಆಗಿದ್ದರೆ ಯೆನ್ ಇಳಿಯುತ್ತಿತ್ತು. ಆದರೆ ಕಂಪನಿಯ ಪಾಲಿಸಿದಾರರೆಲ್ಲ ಜಪಾನೀಯರು, ಅವರಿಗೆ ಕೊಡಬೇಕಾದದ್ದು ಯೆನ್. ಡಾಲರ್ ಬಿದ್ದರೆ ನಷ್ಟವಾಗುತ್ತದೆಂದು ಕಂಪನಿ ಅದೇ ದಿನ ಮೂರು ತಿಂಗಳ ಮುಂದಿನ ತಾರೀಖಿಗೆ ಅಷ್ಟೇ ಡಾಲರುಗಳನ್ನು ಮಾರುವ ಒಪ್ಪಂದವನ್ನೂ ಮಾಡಿಕೊಳ್ಳುತ್ತದೆ. ಒಂದು ಕೈಯಲ್ಲಿ ಡಾಲರ್ ಕೊಂಡು ಇನ್ನೊಂದು ಕೈಯಲ್ಲಿ ಮುಂಗಡವಾಗಿ ಮಾರಿದರೆ ವಿನಿಮಯ ದರದ ಮೇಲೆ ನಿವ್ವಳ ಒತ್ತಡ ಬಹುತೇಕ ಸೊನ್ನೆ. 2013ರಲ್ಲಿ ಎರಡೂ ದೇಶಗಳ ಅಲ್ಪಾವಧಿ ಬಡ್ಡಿ ಸೊನ್ನೆಯ ಹತ್ತಿರವಿದ್ದುದರಿಂದ ಹೆಡ್ಜ್ ಎಂದು ಕರೆಯುವ ಇಂಥ ರಕ್ಷಣೆಗೆ ಖರ್ಚೂ ಅತ್ಯಲ್ಪವಾಗಿತ್ತು, ಹಾಗಾಗಿ ರಕ್ಷಣೆ ಇಲ್ಲದೆ ಹೊರಗೆ ಹೂಡಲು ಕಂಪನಿಗಳಿಗೆ ಆತುರವೇನೂ ಇರಲಿಲ್ಲ.

ಇನ್ನೊಂದು ವಿಷಯ. ಹೊಸ ಯೋಜನೆ ಬಂದ 2013ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ಹೂಡಿಕೆದಾರರು ಒಟ್ಟಾರೆಯಾಗಿ ವಿದೇಶಿ ಬಾಂಡುಗಳನ್ನು ಕೊಂಡದ್ದಕ್ಕಿಂತ ಮಾರಿದ್ದೇ ಹೆಚ್ಚು ಎಂದು ಹಣಕಾಸು ಸಚಿವಾಲಯದ ವಾರದ ಅಂಕಿಗಳು ತೋರಿಸುತ್ತಿದ್ದವು. ಯೆನ್ ಇಳಿದಿದೆ, ಡಾಲರ್ ಆಸ್ತಿಗಳ ಬೆಲೆ ಯೆನ್ ಲೆಕ್ಕದಲ್ಲಿ ಏರಿದೆ, ಲಾಭ ಮಾಡಿಕೊಳ್ಳೋಣ ಎಂಬುದು ಅವರ ಲೆಕ್ಕ. ಆದ್ದರಿಂದ ಬಾಂಡ್ ಮಾರಿದವರ ಹಣ ಹೊರದೇಶಕ್ಕೆ ಹರಿದು ಯೆನ್ ಇಳಿಯಿತು ಎಂಬ ಕಥೆ ಕನಿಷ್ಠ ಆ ತಿಂಗಳುಗಳಿಗೆ ಒಪ್ಪುವುದಿಲ್ಲ. ಆಗ ಯೆನ್ ಮಾರುತ್ತಿದ್ದವರಲ್ಲಿ ಮುಂದಿದ್ದದ್ದು ವಿದೇಶಿ ಹೆಡ್ಜ್ ಫಂಡುಗಳು.

ಊರಿಗೆ ಹಣ ಕಳಿಸುವವಳಾಗಿ ಒಂದು ಮಾತು ಸೇರಿಸುತ್ತೇನೆ. 2012ರ ನವೆಂಬರಿನಲ್ಲಿ ಒಂದು ಲಕ್ಷ ಯೆನ್ ಕಳಿಸಿದರೆ ಸುಮಾರು 68,000 ರೂಪಾಯಿ ಆಗುತ್ತಿತ್ತು. 2015ರ ಜೂನಿನಲ್ಲಿ ಅದು 52,000 ರೂಪಾಯಿಗಿಂತ ಕೆಳಗಿತ್ತು. ಆ ನಡುವೆ ರೂಪಾಯಿಯೂ ಡಾಲರಿನ ಎದುರು 55ರಿಂದ 64ಕ್ಕೆ ಇಳಿದಿತ್ತು ಎಂಬುದನ್ನು ನೆನೆದರೆ ಯೆನ್ ಎಷ್ಟು ಬಿದ್ದಿತ್ತೆಂಬುದು ತಿಳಿಯುತ್ತದೆ. ಸಂಬಳ ಏರಿರಲಿಲ್ಲ, ಮನೆಯ ಸಾಲದ ಕಂತು ಮಾತ್ರ ರೂಪಾಯಿಯಲ್ಲೇ ಇತ್ತು.

ತುಂಗಾತೀರ

ಸುಮಿದಾ ದಂಡೆ ಅವರೇ, ಈ ವಿವರ ನನಗೆ ಹೊಸದು, ಧನ್ಯವಾದಗಳು. ಹಾಗಾದರೆ ಹರಿವು ಕಾರಣವಲ್ಲ, ಮೊತ್ತವೂ ಕಾರಣವಲ್ಲ. ಉಳಿದದ್ದು ಇಳುವರಿಯ ವ್ಯತ್ಯಾಸ ಮತ್ತು ನಿರೀಕ್ಷೆ. ಖಾತೆಪುಸ್ತಕ ಅವರೇ, ಇದನ್ನು ಅಂಕಿಯಲ್ಲಿ ತೋರಿಸಲು ಸಾಧ್ಯವೇ? ಇಳುವರಿ ಇಷ್ಟು ಇಳಿದರೆ ಕರೆನ್ಸಿ ಎಷ್ಟು ಇಳಿಯಬೇಕು ಎಂಬ ಅಂದಾಜು ಇಲ್ಲದೆ ವಿದ್ಯಾರ್ಥಿಗಳ ಮುಂದೆ ನಿಲ್ಲುವುದು ಕಷ್ಟ.

ಖಾತೆಪುಸ್ತಕ

ಸಾಧ್ಯವಿದೆ, ಆದರೆ ಅಂದಾಜು ಎಂಬುದನ್ನು ಮರೆಯದೆ ಓದಬೇಕು.

2012ರ ನವೆಂಬರ್ ನಡುವಿನಲ್ಲಿ ಅಮೆರಿಕದ ಹತ್ತು ವರ್ಷದ ಬಾಂಡಿನ ಇಳುವರಿ ಸುಮಾರು ಶೇಕಡಾ 1.6, ಜಪಾನಿನದು ಸುಮಾರು 0.75. ವ್ಯತ್ಯಾಸ 0.85. ಏಪ್ರಿಲ್ 4ರ ಘೋಷಣೆಯ ಹಿಂದಿನ ದಿನ ಅಮೆರಿಕದ್ದು ಸುಮಾರು 1.8, ಜಪಾನಿನದು ಸುಮಾರು 0.55. ವ್ಯತ್ಯಾಸ 1.25. ಅಂದರೆ ಯೆನ್ ಬಾಂಡ್ ಹಿಡಿದವನು ಡಾಲರ್ ಬಾಂಡ್ ಹಿಡಿದವನಿಗಿಂತ ವರ್ಷಕ್ಕೆ ಮೊದಲಿಗಿಂತ ಶೇಕಡಾ 0.4ರಷ್ಟು ಹೆಚ್ಚು ಹಿಂದೆ ಬೀಳುತ್ತಾನೆ, ಹತ್ತು ವರ್ಷಕ್ಕೆ ಒಟ್ಟು ಶೇಕಡಾ 4. ಹೀಗಿದ್ದೂ ಯಾರಾದರೂ ಯೆನ್ ಬಾಂಡನ್ನು ಹಿಡಿದುಕೊಳ್ಳಬೇಕಾದರೆ ಆ ಕೊರತೆಯನ್ನು ಯೆನ್‌ನ ಮುಂದಿನ ಏರಿಕೆ ತುಂಬಿಕೊಡಬೇಕು. ಹತ್ತು ವರ್ಷದ ನಂತರ ಯೆನ್ ಎಲ್ಲಿರುತ್ತದೆ ಎಂಬ ಅಂದಾಜು ಬದಲಾಗದಿದ್ದರೆ, ಏರಲು ಜಾಗ ಮಾಡಿಕೊಳ್ಳುವ ದಾರಿ ಒಂದೇ, ಅದು ಇಂದೇ ಶೇಕಡಾ 4ರಷ್ಟು ಕೆಳಗಿಳಿಯುವುದು. 80 ಇದ್ದದ್ದು 83ರ ಸುಮಾರಿಗೆ ಬರಬೇಕು.

ಆದರೆ ಬಂದದ್ದು 93. ಇಳುವರಿಯ ವ್ಯತ್ಯಾಸ ಒಂದರಿಂದಲೇ ವಿವರಿಸಿದರೆ ದೊಡ್ಡ ಪಾಲು ಹೊರಗುಳಿಯುತ್ತದೆ. ಹೊರಗುಳಿದ ಪಾಲು ಇರುವುದು ‘ಹತ್ತು ವರ್ಷದ ನಂತರ ಯೆನ್ ಎಲ್ಲಿರುತ್ತದೆ’ ಎಂಬ ಅಂದಾಜಿನಲ್ಲಿ. ಜಪಾನಿನಲ್ಲಿ ಬೆಲೆಗಳು ಹತ್ತು ಹದಿನೈದು ವರ್ಷಗಳಿಂದ ನಿಂತಲ್ಲೇ ನಿಂತಿದ್ದವು ಅಥವಾ ಇಳಿಯುತ್ತಿದ್ದವು. 2013ರ ಜನವರಿ 22ರಂದು ಬ್ಯಾಂಕ್ ಆಫ್ ಜಪಾನ್ ಶೇಕಡಾ 2ರ ಹಣದುಬ್ಬರವನ್ನು ಗುರಿಯಾಗಿ ಒಪ್ಪಿಕೊಂಡಿತು. ಬೆಲೆಗಳು ವರ್ಷಕ್ಕೆ ಶೇಕಡಾ 2 ಏರುತ್ತವೆ ಎಂದು ಎಲ್ಲರೂ ಪೂರ್ತಿ ನಂಬಿದ್ದರೆ ಹತ್ತು ವರ್ಷದಲ್ಲಿ ಯೆನ್‌ನ ಕೊಳ್ಳುವ ಶಕ್ತಿ ಹಿಂದಿನ ಅಂದಾಜಿಗಿಂತ ಶೇಕಡಾ 20ರ ಹತ್ತಿರ ಕಡಿಮೆಯಾಗುತ್ತದೆ, ದೂರದ ವಿನಿಮಯ ದರವೂ ಅಷ್ಟೇ ಸರಿಯುತ್ತದೆ. ಅರ್ಧ ನಂಬಿದರೆ ಶೇಕಡಾ 10. ಆ ದೂರದ ತುದಿ ಶೇಕಡಾ 10 ಸರಿದರೆ ಇಂದಿನ ದರವೂ ಅದರ ಜೊತೆಗೇ ಸರಿಯುತ್ತದೆ: 80 ಎಂಬುದು 88 ಆಗುತ್ತದೆ, ಅದರ ಮೇಲೆ ಇಳುವರಿಯ ಶೇಕಡಾ 4 ಸೇರಿ 91ರಿಂದ 92. ಈಗ 93 ದೂರದ ಮಾತಾಗಿ ಕಾಣುವುದಿಲ್ಲ.

ಇದೇ ಲೆಕ್ಕ 2013ರ ಮೇ ತಿಂಗಳ ಒಂದು ಗೊಂದಲವನ್ನೂ ಬಿಡಿಸುತ್ತದೆ. ಏಪ್ರಿಲ್ 5ರಂದು 0.3ರ ಸಮೀಪಕ್ಕೆ ಬಿದ್ದಿದ್ದ ಜಪಾನಿನ ಹತ್ತು ವರ್ಷದ ಇಳುವರಿ ಮೇ 23ರಂದು 1ನ್ನು ಮುಟ್ಟಿತು. ಕೇಂದ್ರ ಬ್ಯಾಂಕು ಇಷ್ಟೊಂದು ಕೊಳ್ಳುತ್ತಿರುವಾಗ ಇಳುವರಿ ಏರಿದೆ, ಆದರೂ ಯೆನ್ 100ನ್ನು ದಾಟಿ 103ಕ್ಕೆ ಹೋಗಿದೆ. ನಾಮಮಾತ್ರದ ಬಡ್ಡಿಯನ್ನಷ್ಟೇ ನೋಡುವವರಿಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಹಣದುಬ್ಬರವನ್ನು ಕಳೆದ ಮೇಲಿನ ಬಡ್ಡಿಯನ್ನು ನೋಡುವವರಿಗೆ ಸಹಜವಾಗಿಯೇ ಕಾಣುತ್ತದೆ, ಏಕೆಂದರೆ ಹಣದುಬ್ಬರದ ನಿರೀಕ್ಷೆ ಇಳುವರಿಗಿಂತ ಹೆಚ್ಚು ಏರಿದ್ದರೆ ಆ ಬಡ್ಡಿ ಇಳಿದಂತೆಯೇ.

ಒಂದು ಮಿತಿಯನ್ನು ಹೇಳಿಬಿಡುತ್ತೇನೆ. ಆ ನಂಬಿಕೆಯನ್ನು ಅಳೆಯುವ ಸಾಧನ ದುರ್ಬಲವಾಗಿತ್ತು. ಹಣದುಬ್ಬರಕ್ಕೆ ಜೋಡಿಸಿದ ಬಾಂಡುಗಳನ್ನು ಜಪಾನ್ 2008ರಲ್ಲಿ ನಿಲ್ಲಿಸಿದ್ದು, ಮತ್ತೆ ಹೊರಡಿಸಿದ್ದು 2013ರ ಅಕ್ಟೋಬರಿನಲ್ಲಿ. ನಡುವೆ ಉಳಿದಿದ್ದ ಹಳೆಯ ಬಾಂಡುಗಳ ವಹಿವಾಟು ತೀರಾ ತೆಳುವಾಗಿತ್ತು. 2014ರ ಏಪ್ರಿಲಿನಲ್ಲಿ ಮಾರಾಟ ತೆರಿಗೆ 5ರಿಂದ 8ಕ್ಕೆ ಏರಲಿದ್ದುದೂ ಅವುಗಳ ಬೆಲೆಯಲ್ಲಿ ಸೇರಿಕೊಂಡಿತ್ತು. ‘ಅರ್ಧ ನಂಬಿದರೆ’ ಎಂದು ನಾನು ಹೇಳಿದ್ದು ಲೆಕ್ಕದ ಅನುಕೂಲಕ್ಕೆ, ಅಳೆದು ಹೇಳಿದ್ದಲ್ಲ.

ಸಂತೆಪೇಟೆ

ವಿವರಣೆ ಗಟ್ಟಿಯಾಗಿದೆ, ಆದರೆ ಅದರಿಂದಲೇ ನನಗೆ ಒಂದು ಪ್ರಶ್ನೆ ಏಳುತ್ತದೆ. ಎಲ್ಲವೂ ನಂಬಿಕೆಯ ಮೇಲೆಯೇ ನಿಂತಿದ್ದರೆ ಕೇಂದ್ರ ಬ್ಯಾಂಕು ಕೊಳ್ಳುವ ಗೋಜಿಗೇ ಹೋಗಬೇಕಿಲ್ಲವಲ್ಲ? ‘ಹಣದುಬ್ಬರವನ್ನು ಶೇಕಡಾ 2ಕ್ಕೆ ತರುತ್ತೇವೆ’ ಎಂದು ಹೇಳಿ ಕುಳಿತರೆ ಸಾಕಾಗುತ್ತಿತ್ತು. ಹಾಗೆ ಸಾಕಾಗುವುದಿಲ್ಲವಾದರೆ ಖರೀದಿಯ ಮೊತ್ತಕ್ಕೆ ಸ್ವಂತ ಬಲವಿದೆ ಎಂದೇ ಅರ್ಥ. ನನ್ನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಖಾತೆಪುಸ್ತಕ

ಒಪ್ಪುತ್ತೇನೆ, ಪೂರ್ತಿ ತಳ್ಳಿಹಾಕುವುದಿಲ್ಲ. ಮಸಾಕಿ ಶಿರಕಾವಾ ಅವರು ಗವರ್ನರ್ ಆಗಿದ್ದಾಗಲೇ ಶೇಕಡಾ 2ರ ಗುರಿ ಬಂದಿತ್ತು, ಆದರೆ ಅಂದಿನ ನಿರ್ಧಾರದಲ್ಲಿ ಮಿತಿಯಿಲ್ಲದ ಖರೀದಿ 2014ರಿಂದ ಮಾತ್ರ ಆರಂಭವಾಗಬೇಕಿತ್ತು. ಮಾರುಕಟ್ಟೆ ಅದನ್ನು ಅರೆಮನಸ್ಸಿನ ಹೆಜ್ಜೆ ಎಂದು ಕಂಡಿತು, ಆ ದಿನ ಯೆನ್ ಇಳಿಯುವ ಬದಲು ಸ್ವಲ್ಪ ಏರಿತು. ಏಪ್ರಿಲಿನಲ್ಲಿ ಕುರೋಡಾ ಅವರು 138 ಲಕ್ಷ ಕೋಟಿ ಇದ್ದ ಮೂಲಹಣವನ್ನು ಎರಡು ವರ್ಷದಲ್ಲಿ 270 ಲಕ್ಷ ಕೋಟಿ ಮಾಡುತ್ತೇನೆ ಎಂದಾಗ ದರ ಕೆಲವೇ ದಿನಗಳಲ್ಲಿ 93ರಿಂದ 99ಕ್ಕೆ ಹೋಯಿತು. ದೊಡ್ಡ ಖರೀದಿ ಒಂದು ಮಾತನ್ನು ಹಿಂತೆಗೆದುಕೊಳ್ಳಲು ಕಷ್ಟವಾಗುವಂತೆ ಮಾಡುತ್ತದೆ. ಏಳು ವರ್ಷದ ಬಾಂಡುಗಳನ್ನು ಇಷ್ಟು ಕಡಿಮೆ ಇಳುವರಿಗೆ ತುಂಬಿಕೊಂಡ ಕೇಂದ್ರ ಬ್ಯಾಂಕು ನಾಳೆ ಬಡ್ಡಿ ಏರಿಸಿದರೆ ತನ್ನ ಪುಸ್ತಕದಲ್ಲೇ ನಷ್ಟ ತೋರಿಸಬೇಕಾಗುತ್ತದೆ. ಅದನ್ನು ಬಲ್ಲ ಹೂಡಿಕೆದಾರ ಬಡ್ಡಿ ಬಹುಕಾಲ ಏರುವುದಿಲ್ಲವೆಂದು ತೀರ್ಮಾನಿಸುತ್ತಾನೆ. ನಿಮ್ಮ ದೃಷ್ಟಿಗೂ ನನ್ನ ದೃಷ್ಟಿಗೂ ಉಳಿದ ಭೇದ ಇಷ್ಟು: ನನಗೆ ಮೊತ್ತ ಮುಖ್ಯವಾಗುವುದು ಅದು ಮುಂದಿನ ಬಡ್ಡಿ ಮತ್ತು ಬೆಲೆಗಳ ಬಗ್ಗೆ ಏನು ಹೇಳುತ್ತದೆ ಎಂಬ ಕಾರಣಕ್ಕೆ.

ಕಡಲತಡಿ

ತಡವಾಗಿ ಸೇರುತ್ತಿದ್ದೇನೆ. ನೀವೆಲ್ಲರೂ ಬ್ಯಾಂಕ್ ಆಫ್ ಜಪಾನಿಗೆ ಹೆಚ್ಚಿನ ಪಾಲು ಕೊಡುತ್ತಿದ್ದೀರಿ ಎಂಬುದು ನನ್ನ ಆಕ್ಷೇಪ. 2011ರ ಸುನಾಮಿಯ ನಂತರ ಜಪಾನಿನ ಅಣುಸ್ಥಾವರಗಳು ಒಂದೊಂದಾಗಿ ನಿಂತವು, ಇಂಧನದ ಆಮದು ಏರಿತು, 2011ರಲ್ಲಿ ಮೂರು ದಶಕಗಳ ನಂತರ ಮೊದಲ ಬಾರಿಗೆ ವಾರ್ಷಿಕ ವ್ಯಾಪಾರ ಕೊರತೆ ಬಂತು, 2012ರಲ್ಲಿ ಅದು ಇನ್ನೂ ದೊಡ್ಡದಾಯಿತು. ಅನಿಲ ಮತ್ತು ಎಣ್ಣೆ ಕೊಳ್ಳುವವರು ಪ್ರತಿ ತಿಂಗಳೂ ಯೆನ್ ಮಾರಿ ಡಾಲರ್ ಪಡೆಯಲೇಬೇಕು, ಅವರಿಗೆ ಯಾವ ಹೆಡ್ಜೂ ಉತ್ತರವಲ್ಲ. ಇನ್ನೊಂದು ಕಡೆ 2012ರ ಜುಲೈನಲ್ಲಿ ಯೂರೋಪಿನ ಕೇಂದ್ರ ಬ್ಯಾಂಕಿನ ಮಾರಿಯೊ ದ್ರಾಘಿ ಅವರು ಯೂರೋವನ್ನು ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದ ಮೇಲೆ ಆ ಖಂಡದ ಭಯ ಇಳಿಯಿತು, ಭಯದ ಕಾಲದಲ್ಲಿ ಯೆನ್‌ನಲ್ಲಿ ಆಶ್ರಯ ಪಡೆದಿದ್ದ ಹಣ ಹೊರಬಂತು. ಈ ಎರಡೂ ಕಾರಣಗಳು ಸಡಿಲಿಕೆಗೆ ಮೊದಲೇ ಇದ್ದವು. ಅಬೆಯವರು ಗೆಲ್ಲದಿದ್ದರೂ ಯೆನ್ 90ಕ್ಕೆ ಬರುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಖಾತೆಪುಸ್ತಕ ಅವರ ಲೆಕ್ಕ 93ಕ್ಕೆ ಅಷ್ಟು ಚೆನ್ನಾಗಿ ಹೊಂದಿದ್ದೇ ನನಗೆ ಅನುಮಾನ ತರಿಸುತ್ತದೆ, ಏಕೆಂದರೆ ಈ ಬೇರೆ ಕಾರಣಗಳಿಗೆ ಅಲ್ಲಿ ಜಾಗವೇ ಉಳಿದಿಲ್ಲ.

ಖಾತೆಪುಸ್ತಕ

ಅನುಮಾನ ನ್ಯಾಯವಾದದ್ದು. 2012ರ ಕೊನೆಯಿಂದ ಏಪ್ರಿಲ್‌ವರೆಗಿನ ಇಳಿಕೆಯಲ್ಲಿ ಯಾವುದರ ಪಾಲು ಎಷ್ಟೆಂದು ಯಾರೂ ಖಚಿತವಾಗಿ ಬೇರ್ಪಡಿಸಲಾರರು. ಬೇರ್ಪಡಿಸಬೇಕೆಂದರೆ ಬೇರೆ ಸುದ್ದಿ ಇಲ್ಲದ, ಘೋಷಣೆ ಮಾತ್ರ ಅನಿರೀಕ್ಷಿತವಾಗಿ ಬಂದ ಸಣ್ಣ ಅವಧಿಯನ್ನು ನೋಡಬೇಕು. ಅಂಥದ್ದೊಂದು ದಿನ 2014ರ ಅಕ್ಟೋಬರ್ 31. ಹೆಚ್ಚಿನವರು ಯಾವ ಬದಲಾವಣೆಯನ್ನೂ ನಿರೀಕ್ಷಿಸಿರಲಿಲ್ಲ. ಮಂಡಳಿ 5–4 ಮತಗಳಿಂದ ವಾರ್ಷಿಕ ಖರೀದಿಯನ್ನು 80 ಲಕ್ಷ ಕೋಟಿಗೆ ಏರಿಸಿತು. 109ರಲ್ಲಿದ್ದ ದರ ಅದೇ ದಿನ 112ಕ್ಕೆ ಹೋಯಿತು, ಡಿಸೆಂಬರ್ ಆರಂಭದಲ್ಲಿ 120. ಅಣುಸ್ಥಾವರಗಳ ಸ್ಥಿತಿ ಆ ಮಧ್ಯಾಹ್ನ ಬದಲಾಗಿರಲಿಲ್ಲ.

ಸುಮಿದಾ ದಂಡೆ

ಖಾತೆಪುಸ್ತಕ ಸರ್, ಆ ದಿನ ಇನ್ನೊಂದು ಘಟನೆಯೂ ನಡೆಯಿತು, ಅದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸರ್ಕಾರಿ ಪಿಂಚಣಿ ನಿಧಿ ಅದೇ ದಿನ ತನ್ನ ಹೂಡಿಕೆಯ ಹೊಸ ಹಂಚಿಕೆಯನ್ನು ಪ್ರಕಟಿಸಿತು. ದೇಶದ ಬಾಂಡುಗಳ ಪಾಲು 60ರಿಂದ 35ಕ್ಕೆ ಇಳಿಯಿತು, ವಿದೇಶಿ ಷೇರುಗಳ ಪಾಲು 12ರಿಂದ 25ಕ್ಕೆ, ವಿದೇಶಿ ಬಾಂಡುಗಳದ್ದು 11ರಿಂದ 15ಕ್ಕೆ ಏರಿತು. ನಿಧಿಯ ಗಾತ್ರ ಸುಮಾರು 130 ಲಕ್ಷ ಕೋಟಿ ಯೆನ್. ಹಳೆಯ ಗುರಿಯಿಂದ ಹೊಸ ಗುರಿಗೆ ಹೋದರೆ ಹೊರದೇಶದ ಪಾಲು ಶೇಕಡಾ 17 ಹೆಚ್ಚುತ್ತದೆ, ಅಂದರೆ 22 ಲಕ್ಷ ಕೋಟಿ ಯೆನ್, ಅದರಲ್ಲಿ ಸ್ವಲ್ಪ ಭಾಗ ಆಗಲೇ ಸಾಗಿತ್ತೆಂದು ಬಿಟ್ಟರೂ ದೊಡ್ಡ ಮೊತ್ತವೇ. ವಿಮಾ ಕಂಪನಿಗಳಂತಲ್ಲದೆ ಈ ನಿಧಿ ಬಹುಪಾಲು ಹೆಡ್ಜ್ ಮಾಡುವುದಿಲ್ಲ. ಇಲ್ಲಿ ಮಾತ್ರ ಬಾಂಡ್ ಮಾರಿದ ಹಣ ನಿಜವಾಗಿಯೂ ಯೆನ್ ಬಿಟ್ಟು ಹೊರಹೋಯಿತು. ಅಷ್ಟು ಬಾಂಡುಗಳನ್ನು ಇಳುವರಿ ಏರದಂತೆ ಮಾರಲು ಅದಕ್ಕೆ ಸಾಧ್ಯವಾದದ್ದು ಇನ್ನೊಂದು ಕಡೆ ಕೇಂದ್ರ ಬ್ಯಾಂಕು ಕೊಳ್ಳುತ್ತಿದ್ದುದರಿಂದ.

ಪೀಣ್ಯ ಎರಡನೇ ಹಂತ

ಹಾಗಾದರೆ ನಮ್ಮ ರಿಸರ್ವ್ ಬ್ಯಾಂಕು ಬಾಂಡ್ ಕೊಂಡರೂ ರೂಪಾಯಿ ಹೀಗೆಯೇ ಇಳಿಯಬೇಕಲ್ಲವೇ? ಕೋವಿಡ್ ಕಾಲದಲ್ಲಿ ಕೊಂಡಿದ್ದರು ಎಂದು ಕೇಳಿದ್ದೆ.

ಖಾತೆಪುಸ್ತಕ

ಕೊಂಡಿದ್ದರು. 2021ರ ಏಪ್ರಿಲ್ 7ರಂದು ಆ ತ್ರೈಮಾಸಿಕದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಯ ಸರ್ಕಾರಿ ಬಾಂಡುಗಳನ್ನು ಕೊಳ್ಳುವುದಾಗಿ ಮೊದಲೇ ಮಾತು ಕೊಟ್ಟರು. ಅದೇ ದಿನ ರೂಪಾಯಿ ಡಾಲರಿನ ಎದುರು ಒಂದು ರೂಪಾಯಿಗೂ ಹೆಚ್ಚು ಇಳಿದು 74ನ್ನು ದಾಟಿತು. ಆದರೆ ಮೇ ಕೊನೆಯ ಹೊತ್ತಿಗೆ ಅದು 73ಕ್ಕಿಂತಲೂ ಬಲವಾಗಿತ್ತು. ಆ ದಿನಗಳಲ್ಲೇ ಎರಡನೇ ಅಲೆಯ ಸುದ್ದಿಯೂ ಬರುತ್ತಿತ್ತು, ಜೊತೆಗೆ ರಿಸರ್ವ್ ಬ್ಯಾಂಕು ವಿನಿಮಯ ಮಾರುಕಟ್ಟೆಯಲ್ಲಿ ನೇರವಾಗಿ ಕೊಳ್ಳುತ್ತದೆ, ಮಾರುತ್ತದೆ. ಆದ್ದರಿಂದ ನಮ್ಮಲ್ಲಿ ಈ ಪರಿಣಾಮವನ್ನು ಸ್ವಚ್ಛವಾಗಿ ನೋಡುವುದು ಜಪಾನಿಗಿಂತ ಕಷ್ಟ.

ತುಂಗಾತೀರ

ನನ್ನ ಎರಡನೇ ಪ್ರಶ್ನೆ ಇನ್ನೂ ಉಳಿದಿದೆ. 2016ರಲ್ಲಿ ಯೆನ್ ಏರಿದ್ದು ಏಕೆ?

ಖಾತೆಪುಸ್ತಕ

ಮೇಲಿನ ಲೆಕ್ಕದ ಎರಡೂ ಕಾಲುಗಳು ಆ ವರ್ಷ ಹಿಂದಕ್ಕೆ ನಡೆದವು. 2015ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸಿ, 2016ರಲ್ಲಿ ಇನ್ನೂ ನಾಲ್ಕು ಬಾರಿ ಏರಿಸುವ ಅಂದಾಜು ಕೊಟ್ಟಿತ್ತು. ಏರಿಸಿದ್ದು ಒಂದೇ ಬಾರಿ, ಅದೂ ಡಿಸೆಂಬರಿನಲ್ಲಿ. ಹಾಗಾಗಿ ಇಳುವರಿಯ ವ್ಯತ್ಯಾಸ ಅಮೆರಿಕದ ಕಡೆಯಿಂದ ಕುಗ್ಗಿತು. ಜಪಾನಿನ ಕಡೆ ಕುಗ್ಗುವ ಇಳುವರಿಯೇ ಉಳಿದಿರಲಿಲ್ಲ. ಎರಡನೆಯದು ಹೆಚ್ಚು ಮುಖ್ಯ. ಎಣ್ಣೆಯ ಬೆಲೆ ಕುಸಿದು ಜಪಾನಿನ ಹಣದುಬ್ಬರ ಮತ್ತೆ ಸೊನ್ನೆಗಿಂತ ಕೆಳಗೆ ಹೋಯಿತು. ಎರಡು ವರ್ಷದಲ್ಲಿ ಶೇಕಡಾ 2 ಎಂದವರು ಮೂರು ವರ್ಷವಾದರೂ ತಲುಪಿಲ್ಲ ಎಂದಾಗ ಆ ‘ಅರ್ಧ ನಂಬಿಕೆ’ಯೂ ಸವೆಯಿತು, ದೂರದ ತುದಿ ಹಿಂದಕ್ಕೆ ಸರಿಯಿತು. 2016ರ ಜನವರಿ 29ರಂದು ಸೊನ್ನೆಗಿಂತ ಕೆಳಗಿನ ಬಡ್ಡಿದರ ಘೋಷಿಸಿದಾಗ ಯೆನ್ 121ಕ್ಕೆ ಇಳಿದದ್ದು ಕೆಲವೇ ದಿನ. ಎರಡು ವಾರದೊಳಗೆ 111ರ ಹತ್ತಿರ ಬಂತು. ಬ್ಯಾಂಕು ಹೊಸ ಸಾಧನಕ್ಕೆ ಕೈಹಾಕಿದ್ದನ್ನು ಮಾರುಕಟ್ಟೆ ಖರೀದಿಯ ಮಿತಿ ಹತ್ತಿರವಾಗಿದೆ ಎಂದು ಓದಿಕೊಂಡಿತು.

ಸುಮಿದಾ ದಂಡೆ

ಹೆಡ್ಜಿನ ಕಡೆಯಿಂದಲೂ ಅದೇ ಚಿತ್ರ. 2016ರ ಜುಲೈ, ಆಗಸ್ಟ್ ಹೊತ್ತಿಗೆ ಡಾಲರ್ ಪಡೆದು ರಕ್ಷಣೆ ಮಾಡಿಕೊಳ್ಳುವ ಖರ್ಚು ಎಷ್ಟು ಏರಿತ್ತೆಂದರೆ ಅಮೆರಿಕದ ಹತ್ತು ವರ್ಷದ ಬಾಂಡಿನ ಇಳುವರಿಯ ಬಹುಪಾಲನ್ನು ಅದೇ ನುಂಗುತ್ತಿತ್ತು. ಹೊರಗೆ ಹೋಗಿ ಗಳಿಸುವುದು ಉಳಿದಿರಲಿಲ್ಲ.

ಕಡಲತಡಿ

ಎರಡೂ ಕಾಲುಗಳ ಲೆಕ್ಕ 2022ಕ್ಕೂ ಒಪ್ಪುತ್ತದೆಯೇ ಎಂದು ನೋಡಬೇಕು. ಆ ವರ್ಷ ಫೆಡರಲ್ ರಿಸರ್ವ್ ಮಾರ್ಚಿನಿಂದ ಬಡ್ಡಿ ಏರಿಸುತ್ತಾ ಹೋಯಿತು, ಬ್ಯಾಂಕ್ ಆಫ್ ಜಪಾನ್ ಹತ್ತು ವರ್ಷದ ಇಳುವರಿ 0.25 ದಾಟದಂತೆ ಎಷ್ಟು ಬೇಕಾದರೂ ಕೊಳ್ಳುತ್ತೇವೆ ಎಂದು ನಿಂತಿತು, ಯೆನ್ 115ರಿಂದ ಅಕ್ಟೋಬರಿನಲ್ಲಿ 150ರ ಆಚೆಗೆ ಹೋಯಿತು. ಇಲ್ಲಿ ವ್ಯತ್ಯಾಸ ಹಿಗ್ಗಿದ್ದು ಅಮೆರಿಕದ ಕಡೆಯಿಂದ, ಜಪಾನಿನ ಖರೀದಿ ಮಾಡಿದ್ದು ತನ್ನ ಕಡೆಯ ಬಾಗಿಲನ್ನು ಅಲುಗಾಡದಂತೆ ಹಿಡಿದದ್ದು ಮಾತ್ರ. ಇಂಧನದ ಆಮದು ಬಿಲ್ಲೂ ಆ ವರ್ಷ ಏರಿತ್ತು ಎಂಬುದರಿಂದ ನನ್ನ ಹಳೆಯ ಆಕ್ಷೇಪವನ್ನು ನಾನು ಬಿಟ್ಟಿಲ್ಲ. ಖಾತೆಪುಸ್ತಕ ಅವರು ಇದೇ ಹತ್ತು ವರ್ಷದ ಲೆಕ್ಕವನ್ನು 2022ರ ಅಂಕಿಗಳಿಗೆ ಹಚ್ಚಿ, ವಿವರಿಸಲಾಗದೆ ಎಷ್ಟು ಉಳಿಯುತ್ತದೆ ಎಂದು ತೋರಿಸಿದರೆ ಮುಂದುವರಿಸೋಣ.